ಬಡ್ಡಿ ಸೊನ್ನೆ, ದಂಡ ಸಾವಿರ: ‘ಮೂರು ಕಂತು’ ಸಾಲದ ಲೆಕ್ಕ



ಪೋಸ್ಟ್ ಉದ್ದ ಇದೆ. ಚಹಾ ತಗೊಂಡು ಕೂತು ಓದಿ, ಯಾಕಂದ್ರೆ ಇದರಲ್ಲಿ ಸ್ವಲ್ಪ ಲೆಕ್ಕ ಇದೆ. ಲೆಕ್ಕ ನಮಗೆ ಬರಲ್ಲ ಅನ್ನೋ ನಂಬಿಕೆ ಮೇಲೇ ಈ ವ್ಯಾಪಾರ ನಿಂತಿರೋದು.

‘ಈಗ ಕೊಳ್ಳಿ, ಆಮೇಲೆ ಕೊಡಿ’ ಅನ್ನೋ ಆ್ಯಪ್‌ಗಳ ಬಗ್ಗೆ ಮಾತಾಡ್ತಿದ್ದೀನಿ. ಮಿಕ್ಸಿ, ಫೋನು, ಮಕ್ಕಳ ಶೂ, ಹಬ್ಬದ ಬಟ್ಟೆ ಯಾವುದೇ ಇರಲಿ, ಬಿಲ್ಲನ್ನು ಮೂರೋ ನಾಲ್ಕೋ ಸಮ ಪಾಲು ಮಾಡಿ, ಮೊದಲ ಪಾಲು ಇವತ್ತು, ಉಳಿದದ್ದು ತಿಂಗಳಿಗೊಂದು ಅಂತ ಕೊಡೋ ಯೋಜನೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ಬಡ್ಡಿ 0%’. ನಮ್ಮ ಹುಡುಗರೂ ಇದನ್ನ ಹೊಗಳೋದು ಕೇಳಿದ್ದೀನಿ. ‘ಅಣ್ಣಾ, ಬ್ಯಾಂಕಿನವನು ನಮ್ಮನ್ನ ಬಾಗಿಲ ಹೊರಗೆ ನಿಲ್ಲಿಸ್ತಿದ್ದ, ಇವರು ಜಾತಿ ಕೇಳಲ್ಲ, ಜಾಮೀನು ಕೇಳಲ್ಲ, ಎರಡು ನಿಮಿಷಕ್ಕೆ ಸಾಲ ಕೊಡ್ತಾರೆ’ ಅಂತಾರೆ.

ಅದು ಸುಳ್ಳಲ್ಲ. ಮೊದಲು ಅದನ್ನ ಒಪ್ಕೊಂಡೇ ಮುಂದೆ ಹೋಗೋಣ. ಮೂರೂ ಕಂತನ್ನ ಸರಿಯಾದ ದಿನಕ್ಕೆ ಕಟ್ಟಿದವನಿಗೆ ಈ ಸಾಲ ಬಹುಮಟ್ಟಿಗೆ ಪುಕ್ಕಟೆಯೇ. ಅವನ ಪಾಲಿನ ಖರ್ಚನ್ನ ಅಂಗಡಿಯವನು ಆ್ಯಪಿಗೆ ಕೊಡೋ ಕಮಿಷನ್ ನೋಡ್ಕೊಳ್ಳುತ್ತೆ, ಆ ಕಮಿಷನ್ ಸಾಮಾನಿನ ಬೆಲೆಯಲ್ಲೇ ಎಲ್ಲೋ ಸೇರಿರುತ್ತೆ. 2013ರ ಸೆಪ್ಟೆಂಬರ್‌ನಲ್ಲೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಸೊನ್ನೆ ಬಡ್ಡಿ ಅನ್ನೋದೇ ಇಲ್ಲ, ಎಲ್ಲೋ ಒಂದು ಕಡೆ ಅದನ್ನ ವಸೂಲಿ ಮಾಡೇ ಮಾಡ್ತೀರಿ ಅನ್ನೋ ಅರ್ಥದಲ್ಲಿ ಹೇಳಿತ್ತು. ಅಂದ್ರೆ ಪ್ರಶ್ನೆ ಬಡ್ಡಿ ಇದೆಯಾ ಇಲ್ವಾ ಅನ್ನೋದಲ್ಲ. ಅದನ್ನ ಯಾರ ಹತ್ರ ವಸೂಲಿ ಮಾಡ್ತಾರೆ ಅನ್ನೋದು. ಅಂಗಡಿಯವನ ಕಮಿಷನ್ ಬಿಟ್ಟರೆ ಇರೋ ದಾರಿ ಒಂದೇ, ಕಂತು ತಪ್ಪಿದವನ ಲೇಟ್ ಫೀ.

ಕಂತು ತಪ್ಪೋದು ಯಾರಿಗೆ? ಸೋಮಾರಿಗೆ, ಶೋಕಿಗೆ ಅಂತ ಟಿವಿಯಲ್ಲಿ ಕೂತ ಹಣಕಾಸು ಪಂಡಿತರು ಹೇಳ್ತಾರೆ. ಒಂದು ಕೇಸು ಬಿಡಿಸಿ ತೋರಿಸ್ತೀನಿ, ನೀವೇ ಹೇಳಿ.

ಪೀಣ್ಯ ಕಡೆ ಗಾರ್ಮೆಂಟ್ಸಿಗೆ ಹೋಗೋ ನಮ್ಮ ಒಬ್ಬ ತಂಗಿ. ಹೆಸರು ಬೇಡ, ಸಾಲ ಕೊಟ್ಟವರ ಹೆಸರೂ ಬೇಡ, ಎಲ್ಲರದ್ದೂ ಹೆಚ್ಚುಕಮ್ಮಿ ಇದೇ ಕಥೆ. ಮನೆಯ ಹಳೇ ಮಿಕ್ಸಿ ಸುಟ್ಟುಹೋಯ್ತು. 3,000 ರೂಪಾಯಿಯ ಮಿಕ್ಸಿ, ಮೂರು ಕಂತು, ತಲಾ 1,000. ಮೊದಲ ಸಾವಿರ ಅವತ್ತೇ ಕಟ್ಟಿದಳು. ಹಂಗಾಗಿ ನಿಜವಾದ ಸಾಲ 2,000 ಮಾತ್ರ. ಉಳಿದ ಎರಡು ಕಂತು ಮುಂದಿನ ಎರಡು ತಿಂಗಳ 5ನೇ ತಾರೀಖು, ಬ್ಯಾಂಕ್ ಖಾತೆಯಿಂದ ತಾನಾಗೇ ಕಟ್ ಆಗೋ ಹಾಗೆ ಆಟೋ ಡೆಬಿಟ್‌ಗೆ ಒಪ್ಪಿಗೆ ಕೊಟ್ಟಿದ್ದಳು. ಒಪ್ಪಿಗೆ ಕೊಡದಿದ್ರೆ ಸಾಲವೇ ಇಲ್ಲ, ಅದು ಬೇರೆ ಮಾತು.

ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನ ಒಳಗೆ ಕೊಡಬೇಕು ಅಂತ ಕಾನೂನು ಇದೆ. ಆಕೆಯ ಫ್ಯಾಕ್ಟರಿ ಕೊಡೋದು 10ಕ್ಕೆ. 5ನೇ ತಾರೀಖು ಖಾತೆಯಲ್ಲಿ ಇದ್ದದ್ದು 640 ರೂಪಾಯಿ. ಗಮನಿಸಿ, ಕಾನೂನಿನ ಪ್ರಕಾರ 7ಕ್ಕೇ ಸಂಬಳ ಬಂದಿದ್ರೂ 5ರ ಕಂತು ತಪ್ಪುತ್ತಿತ್ತು.

ಈಗ ಲೆಕ್ಕ. 5ನೇ ತಾರೀಖು ಸಾಲ ಕೊಟ್ಟವರು 1,000 ರೂಪಾಯಿಗೆ ಖಾತೆಗೆ ಕೈ ಹಾಕಿದರು. ಇದ್ದದ್ದು 640. ಇದ್ದಷ್ಟನ್ನ ತಗೊಂಡು ಬಾಕಿ ಆಮೇಲೆ ಅನ್ನೋ ಪದ್ಧತಿ ಇಲ್ಲಿ ಇಲ್ಲ. ಪೂರ್ತಿ ಸಿಗಲಿಲ್ಲ ಅಂದ್ರೆ ಪೂರ್ತಿ ಬೌನ್ಸ್. ಸಾಲ ಕೊಟ್ಟವರು 250 ರೂಪಾಯಿ ಲೇಟ್ ಫೀ ಹಾಕಿದರು. ಇದು ಎಲ್ಲರಿಗೂ ಗೊತ್ತಿರೋ ದಂಡ. ಗೊತ್ತಿಲ್ಲದ ಇನ್ನೊಂದು ದಂಡವನ್ನ ಆಕೆಯ ಸ್ವಂತ ಬ್ಯಾಂಕೇ ಹಾಕಿತು, ಆಟೋ ಡೆಬಿಟ್ ವಾಪಸ್ ಹೋಗಿದ್ದಕ್ಕೆ 250, ಅದರ ಮೇಲೆ ಶೇ. 18 ಜಿಎಸ್‌ಟಿ 45, ಒಟ್ಟು 295. ಎಲ್ಲಿಂದ ಹಿಡಿದರು? ಆ 640ರಿಂದಲೇ. ಉಳಿದದ್ದು 345.

8ನೇ ತಾರೀಖು ಸಾಲ ಕೊಟ್ಟವರು ಮತ್ತೆ ಖಾತೆಗೆ ಕೈ ಹಾಕಿದರು. ಮೊದಲ ಸಲ 640 ಇದ್ದಾಗಲೇ ಸಿಗದ ಸಾವಿರ ಈಗ 345ರಲ್ಲಿ ಹೇಗೆ ಸಿಗುತ್ತೆ? ಮತ್ತೆ ಬೌನ್ಸ್. ಬ್ಯಾಂಕಿನಿಂದ ಮತ್ತೆ 295. ಖಾತೆಯಲ್ಲಿ ಉಳಿದದ್ದು 50 ರೂಪಾಯಿ. ಇಲ್ಲಿ ಸ್ವಲ್ಪ ನಿಂತು ನೋಡಿ. ಆಕೆಯ ಹತ್ರ 640 ರೂಪಾಯಿ ಇತ್ತು. ಅದರಲ್ಲಿ 590 ಹೋಯ್ತು. ಸಾಲ ಒಂದು ರೂಪಾಯಿಯೂ ಕಮ್ಮಿ ಆಗಲಿಲ್ಲ. ಅದೇ 590ನ್ನ ಸಾಲಕ್ಕೆ ಜಮಾ ಮಾಡ್ಕೊಂಡಿದ್ರೆ ಕಂತಿನ ಅರ್ಧಕ್ಕಿಂತ ಹೆಚ್ಚು ತೀರುತ್ತಿತ್ತು.

10ಕ್ಕೆ ಸಂಬಳ ಬಂತು, 11ಕ್ಕೆ ಆಕೆ ತಾನೇ ಆ್ಯಪ್ ತೆಗೆದು 1,000 ಕಂತು, 250 ಲೇಟ್ ಫೀ ಕಟ್ಟಿದಳು. ಆರು ದಿನ ತಡ. ಖರ್ಚು 250, 295, 295, ಒಟ್ಟು 840.

ಆ 840 ಮುಂದಿನ ತಿಂಗಳ ರೇಷನ್ನಿನಿಂದಲೇ ಹೋಗಬೇಕಲ್ಲ. ಹಾಗಾಗಿ ಮುಂದಿನ 5ಕ್ಕೂ ಖಾತೆ ಖಾಲಿ. ಆ ಸಲ ಪುಣ್ಯಕ್ಕೆ ಒಂದೇ ಬೌನ್ಸು. 250 ಮತ್ತು 295, ಒಟ್ಟು 545. ಎರಡೂ ಸೇರಿ 1,385. ‘ಬಡ್ಡಿ 0%’ ಮಿಕ್ಸಿ 4,385 ರೂಪಾಯಿಗೆ ಬಿತ್ತು.

ನಮ್ಮ ಕೇರಿಯಲ್ಲಿ ಮೀಟರ್ ಬಡ್ಡಿಯವನು ಅಂದ್ರೆ ಎಲ್ಲರೂ ಉಗಿಯುತ್ತೀವಿ, ಉಗಿಯಲೇಬೇಕು. ಅವನ ರೇಟು ನೂರಕ್ಕೆ ತಿಂಗಳಿಗೆ ಹತ್ತು ಅಂತ ಇಟ್ಕೊಳ್ಳಿ. ಸಾವಿರ ರೂಪಾಯಿಗೆ ಆರು ದಿನಕ್ಕೆ 20 ರೂಪಾಯಿ ಆಗುತ್ತೆ. ಎರಡು ಸಲಕ್ಕೆ 40. ಈ ಕಡೆ ಆ್ಯಪು, ಬ್ಯಾಂಕು ಸೇರಿ ಅದೇ ಆರಾರು ದಿನಕ್ಕೆ ಕಿತ್ಕೊಂಡಿದ್ದು 1,385. ಮೊದಲ ಕಂತಿನ 840ನ್ನೇ ವರ್ಷದ ಬಡ್ಡಿ ದರಕ್ಕೆ ತಿರುಗಿಸಿದ್ರೆ ಶೇಕಡಾ ಐದು ಸಾವಿರ ದಾಟುತ್ತೆ. ನಾನೇನು ಮೀಟರ್ ಬಡ್ಡಿಯವನ ವಕಾಲತ್ತು ಮಾಡ್ತಿಲ್ಲ, ಅವನು ವಾರ ಕಳೆದ್ರೆ ಮನೆ ಮುಂದೆ ಬಂದು ಏನೇನು ಮಾಡ್ತಾನೆ ಅಂತ ನನಗೂ ಗೊತ್ತು. ಆದ್ರೆ ಅವನನ್ನ ಕಂಡ್ರೆ ಪೊಲೀಸು, ಇವರನ್ನ ಕಂಡ್ರೆ ‘ಫಿನ್‌ಟೆಕ್’ ಪ್ರಶಸ್ತಿ. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೇಳೋ ಹಕ್ಕು ನಮಗಿದೆ.

ಯಾಕೆ ಹೀಗಾಗುತ್ತೆ? ಲೇಟ್ ಫೀ ಬಡ್ಡಿಯಂತಲ್ಲ. ಬಡ್ಡಿ ಸಾಲದ ಗಾತ್ರ ನೋಡುತ್ತೆ, ದಿನ ನೋಡುತ್ತೆ. ನಿಗದಿ ಲೇಟ್ ಫೀಗೆ ಎರಡೂ ಕಾಣಲ್ಲ. ಒಂದು ದಿನ ತಡ ಆದ್ರೂ 250, ಇಪ್ಪತ್ತು ದಿನ ಆದ್ರೂ 250. 15,000 ರೂಪಾಯಿ ಫೋನ್ ತಗೊಂಡು 5,000ದ ಕಂತು ತಪ್ಪಿಸಿದವನಿಗೆ ಆ 250 ಅಂದ್ರೆ ನೂರಕ್ಕೆ ಐದು. ಸಾವಿರದ ಕಂತು ತಪ್ಪಿಸಿದವಳಿಗೆ ನೂರಕ್ಕೆ ಇಪ್ಪತ್ತೈದು. ಮುನ್ನೂರು ರೂಪಾಯಿ ಕಂತಿನ ಶೂ ತಗೊಂಡ ಹುಡುಗನಿಗೆ ಹೆಚ್ಚುಕಮ್ಮಿ ಇನ್ನೊಂದು ಕಂತೇ. ಬಡವನ ಸಾಲ ಚಿಕ್ಕದಾದಷ್ಟೂ ದಂಡ ದೊಡ್ಡದಾಗುತ್ತೆ.

‘ಸಮ ಪಾಲು’ ಅನ್ನೋ ಮಾತಿನಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಪಾಲು ಮಾಡಿದಷ್ಟೂ ಕಂತು ಚಿಕ್ಕದಾಗುತ್ತೆ ನಿಜ, ಆದ್ರೆ ಕೊನೆ ದಿನಾಂಕಗಳ ಸಂಖ್ಯೆ ಹೆಚ್ಚುತ್ತೆ. ಒಂದು ಸಾಲಕ್ಕೆ ಒಂದು ಗಡುವು ಇದ್ದ ಕಡೆ ಮೂರು ಗಡುವು, ಅಂದ್ರೆ ದಂಡ ಬೀಳೋಕೆ ಮೂರು ಅವಕಾಶ. ಮಿಕ್ಸಿ ಒಂದು ಆ್ಯಪಲ್ಲಿ, ಫೋನು ಇನ್ನೊಂದರಲ್ಲಿ, ಬಟ್ಟೆ ಮತ್ತೊಂದರಲ್ಲಿ ಆದ್ರೆ ತಿಂಗಳಲ್ಲಿ 3ಕ್ಕೆ ಒಂದು, 5ಕ್ಕೆ ಒಂದು, 15ಕ್ಕೆ ಒಂದು. ಯಾವ ಒಂದು ಕಂತೂ ಭಾರ ಅನ್ಸಲ್ಲ. ಎಲ್ಲಾ ಸೇರಿ ಎಷ್ಟು ಅಂತ ಯಾವ ಆ್ಯಪೂ ತೋರಿಸಲ್ಲ.

ಇದರಲ್ಲಿ ಜಾತಿ ಎಲ್ಲಿಂದ ಬಂತು ಅಂತ ಕಾಮೆಂಟಲ್ಲಿ ಬರುತ್ತೆ ಅಂತ ಗೊತ್ತು, ಈಗಲೇ ಹೇಳಿಬಿಡ್ತೀನಿ. ತಿಂಗಳ ಕೊನೆ ದಿನವೇ ಸಂಬಳ ಬರೋ ಐಟಿ ಉದ್ಯೋಗಿಗೆ 5ನೇ ತಾರೀಖು ಒಂದು ಸಮಸ್ಯೆಯೇ ಅಲ್ಲ. ಅವನ ಖಾತೆಯಲ್ಲಿ ಸಾವಿರ ರೂಪಾಯಿ ಕಮ್ಮಿ ಬಿದ್ದರೆ ಅಪ್ಪ, ಮಾವ, ಚಿಕ್ಕಪ್ಪ ಯಾರೋ ಒಬ್ಬರು ಐದು ನಿಮಿಷದಲ್ಲಿ ಫೋನ್‌ಪೇ ಮಾಡ್ತಾರೆ. ಎರಡು ತಲೆಮಾರಿನ ಜಮೀನು, ನೌಕರಿ, ಪಿಂಚಣಿ ಆ ಐದು ನಿಮಿಷದಲ್ಲಿದೆ. ನಮ್ಮ ಕೇರಿಯಲ್ಲಿ 5ನೇ ತಾರೀಖು ಎಲ್ಲರ ಖಾತೆಯೂ ಒಟ್ಟಿಗೇ ಖಾಲಿ, ಯಾಕಂದ್ರೆ ಎಲ್ಲರೂ ಅದೇ ಗಾರ್ಮೆಂಟ್ಸು, ಅದೇ ಹೌಸ್‌ಕೀಪಿಂಗು, ಅದೇ ಹೊರಗುತ್ತಿಗೆ. ಹಾಸ್ಟೆಲ್ ಅಡುಗೆಯವರಿಗೆ, ಕಾಂಟ್ರಾಕ್ಟ್ ಪೌರಕಾರ್ಮಿಕರಿಗೆ ಎರಡೆರಡು ಮೂರ್ಮೂರು ತಿಂಗಳು ಸಂಬಳ ನಿಂತಾಗ ನಾವೇ ಹೋಗಿ ಧರಣಿ ಕೂತಿಲ್ವಾ? ಸಂಬಳ ತಡ ಮಾಡಿದ ಗುತ್ತಿಗೆದಾರನಿಗೆ ದಿನಕ್ಕೆ ಇಂತಿಷ್ಟು ಅಂತ ತಾನಾಗೇ ಕಟ್ ಆಗೋ ಲೇಟ್ ಫೀ ಯಾರಾದ್ರೂ ನೋಡಿದ್ದೀರಾ? ಸಂಬಳ ಬರದ ಕಾರ್ಮಿಕನಿಗೆ ಮಾತ್ರ ಆಟೋ ಡೆಬಿಟ್.

ಪೆಟ್ಟು ಅಲ್ಲಿಗೇ ನಿಲ್ಲಲ್ಲ. ಈ ಮೂರು ಕಂತಿನ ಯೋಜನೆಗಳಲ್ಲಿ ಬಹಳಷ್ಟು ನಿಜವಾದ ಸಾಲಗಳೇ, ಸಿಬಿಲ್‌ನಂಥ ಸಂಸ್ಥೆಗಳಿಗೆ ವರದಿ ಆಗುತ್ತವೆ. ವರದಿ ಕಳಿಸೋ ದಿನ ನಿಮ್ಮ ಸಾವಿರ ಬಾಕಿ ಇದ್ದರೆ ಅದು ಬಾಕಿ ಅಂತಲೇ ದಾಖಲಾಗುತ್ತೆ. ಮುಂದಿನ ವರ್ಷ ಅಂಬೇಡ್ಕರ್ ಅಭಿವೃದ್ಧಿ ನಿಗಮದಿಂದ ಸ್ವಯಂ ಉದ್ಯೋಗಕ್ಕೆ ಅರ್ಜಿ ಹಾಕ್ತೀರಿ, ಸಬ್ಸಿಡಿಗೆ ನಿಗಮ ಒಪ್ಪುತ್ತೆ, ಉಳಿದ ಪಾಲು ಬ್ಯಾಂಕ್ ಸಾಲ ಅಂತ ಮ್ಯಾನೇಜರ್ ಮುಂದೆ ಕೂರ್ತೀರಿ. ಅವನು ಮೊದಲು ನೋಡೋದೇ ಸಿಬಿಲ್. ಅವನು ‘ಸ್ಕೋರ್ ಸರಿಯಿಲ್ಲ’ ಅಂದ್ರೆ ವಾದ ಮಾಡೋಕೆ ಏನೂ ಇರಲ್ಲ. ಮೊದಲು ಜಾತಿ ನೋಡಿ ಫೈಲ್ ಪಕ್ಕಕ್ಕಿಡ್ತಿದ್ದವನಿಗೂ ಈಗ ಒಂದು ಶುದ್ಧವಾದ ನೆಪ ಸಿಕ್ಕಿದೆ, ಮೂರಂಕಿಯ ನೆಪ.

ಇನ್ನು ಕಾನೂನು. ಕಾನೂನೇ ಇಲ್ಲ ಅಂತ ಹೇಳೋ ನಮ್ಮ ಕೆಲ ಗೆಳೆಯರ ಮಾತು ಪೂರ್ತಿ ಸರಿಯಲ್ಲ. ಇದೆ, ಅದು ಎಲ್ಲಿ ಕೈಕೊಡುತ್ತೆ ಅನ್ನೋದನ್ನ ನಾವು ಸರಿಯಾಗಿ ಹಿಡೀಬೇಕು.

ಡಿಜಿಟಲ್ ಸಾಲ ಕೊಡೋರು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಅನ್ನೋ ಒಂದು ಪುಟ್ಟ ಪತ್ರವನ್ನ ಸಾಲಕ್ಕೆ ಮೊದಲೇ ಕೊಡಬೇಕು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಅದರಲ್ಲಿ ಎಪಿಆರ್, ಅಂದ್ರೆ ಬಡ್ಡಿ ಮತ್ತು ಫೀ ಎಲ್ಲಾ ಸೇರಿಸಿದ ವರ್ಷದ ನಿಜವಾದ ದರ, ಇರಲೇಬೇಕು. ಕೇಳೋಕೆ ಚೆನ್ನಾಗಿದೆ. ಆದ್ರೆ ಲೇಟ್ ಫೀ ಈ ಎಪಿಆರ್ ಒಳಗೆ ಬರಲ್ಲ. ಅದು ‘ಆದರೆ ಆಗಬಹುದು’ ಅನ್ನೋ ಖರ್ಚು ಅಂತ ಬೇರೆ ಕಡೆ, Contingent charges ಅನ್ನೋ ಸಾಲಿನಲ್ಲಿ ಇರುತ್ತೆ. ಹಾಗಾಗಿ ಪತ್ರ ಎಪಿಆರ್ ಸೊನ್ನೆ ಅಂತಲೇ ಹೇಳಬಹುದು, ಕಾನೂನಿನ ಪ್ರಕಾರ ಅದು ಸುಳ್ಳೂ ಅಲ್ಲ. ನಮ್ಮ ತಂಗಿಗೆ ಬಿದ್ದ 1,385ರಲ್ಲಿ 500 ರೂಪಾಯಿಯ ಸುಳಿವು ಮಾತ್ರ ಆ ಸಾಲಿನಲ್ಲಿತ್ತು. ಉಳಿದ 885 ಬ್ಯಾಂಕಿನ ಬೌನ್ಸ್ ಚಾರ್ಜು, ಅದು ಸಾಲದ ಪತ್ರದಲ್ಲಿ ಇರಲೇ ಇಲ್ಲ, ಅದು ಬ್ಯಾಂಕಿನ ದರಪಟ್ಟಿಯಲ್ಲಿ. ಎರಡನ್ನೂ ಒಂದೇ ಕಡೆ ಕೂಡಿಸಿ ತೋರಿಸೋ ಜವಾಬ್ದಾರಿ ಯಾರದ್ದೂ ಅಲ್ಲ.

2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕು ದಂಡದ ಬಗ್ಗೆಯೇ ಒಂದು ಸುತ್ತೋಲೆ ಹೊರಡಿಸಿತು, 2024ರ ಏಪ್ರಿಲ್‌ನಿಂದ ಹೊಸ ಸಾಲಗಳಿಗೆ ಜಾರಿಯಾಯ್ತು. ದಂಡ ಇರೋದು ಸಾಲಗಾರನಿಗೆ ಶಿಸ್ತು ಕಲಿಸೋಕೆ, ಸಂಪಾದನೆ ಮಾಡೋಕಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ದಂಡವನ್ನ ಬಡ್ಡಿ ದರಕ್ಕೆ ಸೇರಿಸೋ ಹಾಗಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಬೆಳೆಸೋ ಹಾಗಿಲ್ಲ, ಮೊತ್ತ ತಪ್ಪಿಗೆ ತಕ್ಕಷ್ಟು ನ್ಯಾಯವಾಗಿರಬೇಕು. ಒಳ್ಳೇದೇ. ಆದ್ರೆ ‘ನ್ಯಾಯವಾಗಿ’ ಅಂದ್ರೆ ಎಷ್ಟು? ಅಂಕಿ ಇಲ್ಲ. ಕಂಪನಿಯ ಆಡಳಿತ ಮಂಡಳಿಯೇ ಕೂತು ತನ್ನ ನೀತಿ ತಾನೇ ಬರ್ಕೋಬೇಕು. ಕುರಿಗೆ ಎಷ್ಟು ಉಣ್ಣೆ ಬೇಕು ಅಂತ ಕತ್ತರಿ ಹಿಡಿದವನೇ ತೀರ್ಮಾನ ಮಾಡೋದು.

ಅಂಕಿ ಹಾಕೋಕೆ ಸಾಧ್ಯವೇ ಇಲ್ಲ ಅನ್ನೋರಿಗೆ ಒಂದು ಉದಾಹರಣೆ. ಆಸ್ಟ್ರೇಲಿಯಾದ ಆಫ್ಟರ್‌ಪೇ ಅನ್ನೋದು ಈ ಕಂತು ವ್ಯಾಪಾರವನ್ನ ಜಗತ್ತಿಗೆ ಹಬ್ಬಿಸಿದ ಕಂಪನಿಗಳಲ್ಲಿ ಒಂದು. ಧರ್ಮಛತ್ರ ಏನಲ್ಲ. ಅದೇ ಕಂಪನಿ ಒಂದು ಖರೀದಿಯ ಮೇಲಿನ ಒಟ್ಟು ಲೇಟ್ ಫೀ ಖರೀದಿ ಬೆಲೆಯ ಕಾಲು ಭಾಗ ಮೀರಬಾರದು ಅಂತ ತನಗೆ ತಾನೇ ಮಿತಿ ಹಾಕ್ಕೊಂಡಿತ್ತು. ಆ ಲೆಕ್ಕ ಇಲ್ಲಿದ್ದಿದ್ರೆ 3,000ದ ಮಿಕ್ಸಿಗೆ 750ಕ್ಕಿಂತ ಹೆಚ್ಚು ಲೇಟ್ ಫೀ ಬೀಳುತ್ತಿರಲಿಲ್ಲ. ನನ್ನ ಪ್ರಕಾರ ಅದೂ ಜಾಸ್ತಿಯೇ. ಮಿತಿಯನ್ನ ಖರೀದಿ ಬೆಲೆಗಲ್ಲ, ತಪ್ಪಿದ ಕಂತಿಗೆ ಮತ್ತು ತಡವಾದ ದಿನಕ್ಕೆ ಕಟ್ಟಬೇಕು, ಬ್ಯಾಂಕಿನ ಬೌನ್ಸ್ ಚಾರ್ಜೂ ಅದರೊಳಗೇ ಬರಬೇಕು. ಒಂದು ಕಂತಿಗೆ ಒಂದು ಸಲಕ್ಕಿಂತ ಹೆಚ್ಚು ಬೌನ್ಸ್ ಚಾರ್ಜು ಹಾಕೋ ಹಾಗಿರಬಾರದು. ಖಾತೆಯಲ್ಲಿ ಇದ್ದಷ್ಟನ್ನ ಕಂತಿಗೆ ಜಮಾ ಮಾಡ್ಕೋಬೇಕು. ಸಂಬಳದ ದಿನ ಯಾವುದು ಅಂತ ಕೇಳಿ ಗಡುವು ಇಡಬೇಕು. ನಮ್ಮ ಫೋನಿನ ಒಳಗಿನ ಎಲ್ಲಾ ಲೆಕ್ಕ ನೋಡಿ ಎರಡು ನಿಮಿಷದಲ್ಲಿ ಸಾಲ ಕೊಡೋರಿಗೆ ಸಂಬಳ 10ಕ್ಕೆ ಬರುತ್ತೆ ಅನ್ನೋದು ಗೊತ್ತಾಗಲ್ವಂತೆ, ನಂಬಬೇಕಾ?

‘ಜನರಿಗೆ ಹಣಕಾಸು ಸಾಕ್ಷರತೆ ಬೇಕು’ ಅಂತಾರೆ. ಆ ತಂಗಿ 640 ರೂಪಾಯಿಯಲ್ಲಿ ಐದು ದಿನ ನಾಲ್ಕು ಹೊಟ್ಟೆ ನೋಡ್ಕೊಳ್ಳೋ ಲೆಕ್ಕದವಳು. ಅವಳಿಗೆ ಸಾಕ್ಷರತೆ ಕಲಿಸೋ ಮೊದಲು, 345 ರೂಪಾಯಿ ಇರೋ ಖಾತೆಗೆ ಸಾವಿರಕ್ಕೆ ಎರಡನೇ ಸಲ ಕೈ ಹಾಕಿದ ಸಾಫ್ಟ್‌ವೇರಿಗೆ ಕಲಿಸಲಿ. ಇನ್ನು ನಮ್ಮಲ್ಲೇ ಕೆಲವರು ‘ಈ ಆ್ಯಪ್‌ಗಳನ್ನೆಲ್ಲ ಬಹಿಷ್ಕರಿಸಿ’ ಅಂತಾರೆ. ಅದೂ ನನಗೆ ಒಪ್ಪಿಗೆಯಿಲ್ಲ. ಬಹಿಷ್ಕಾರ ಹಾಕಿದ ಮೇಲೆ ಮಿಕ್ಸಿ ಸುಟ್ಟರೆ ಹೋಗೋದು ಮತ್ತೆ ಅದೇ ಮೀಟರ್ ಬಡ್ಡಿಯವನ ಹತ್ರ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾನೂನು ಬಂದಾಗಲೂ ಹಳ್ಳಿಗಳಲ್ಲಿ ಎದ್ದ ಮೊದಲ ಪ್ರಶ್ನೆ ಅದೇ, ಜೀತ ಬಿಟ್ಟವನಿಗೆ ನಾಳೆ ಕೈಸಾಲ ಯಾರು ಕೊಡ್ತಾರೆ ಅಂತ. ನಮಗೆ ಸಾಲ ಬೇಕು. ಕೊಡೋ ರೀತಿ ಸರಿ ಇರಬೇಕು.

ಅಲ್ಲಿಯವರೆಗೂ ನಿಮ್ಮ ಮನೆಯವರಿಗೆ, ಏರಿಯಾದವರಿಗೆ ಹೇಳಿಕೊಡಬೇಕಾದ್ದು ಒಂದಿಷ್ಟು ಇದೆ.

ಸಾಲ ಒಪ್ಪಿಕೊಳ್ಳೋ ಮೊದಲು ಆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ತೆಗೆದು ಎಪಿಆರ್ ಬಿಟ್ಟು Contingent charges ಸಾಲನ್ನ ನೋಡಿ. ಅಲ್ಲಿರೋ ಲೇಟ್ ಫೀಗೆ ನಿಮ್ಮ ಬ್ಯಾಂಕಿನ ಬೌನ್ಸ್ ಚಾರ್ಜು ಕೂಡಿಸಿ. ಬಂದ ಮೊತ್ತ ಕಂತಿನ ಕಾಲು ಭಾಗಕ್ಕಿಂತ ಹೆಚ್ಚಿದ್ದು, ಗಡುವಿನ ದಿನ ಸಂಬಳಕ್ಕಿಂತ ಮುಂಚೆ ಬಿದ್ದರೆ ಆ ಸಾಲ ಬೇಡ. ಅಂಗಡಿಯಲ್ಲೇ ಬಾಕಿ ಹೇಳಿ, ಸಂಘದಲ್ಲಿ ಕೇಳಿ, ಇಲ್ಲಾ ಎರಡು ತಿಂಗಳು ರುಬ್ಬುಗುಂಡಿನಲ್ಲೇ ರುಬ್ಬಿ. ತಗೊಂಡ ಮೇಲೆ ತಪ್ಪಾಯ್ತು ಅನ್ನಿಸಿದ್ರೆ, ಕನಿಷ್ಠ ಒಂದು ದಿನದ ‘ಕೂಲಿಂಗ್ ಆಫ್’ ಅವಧಿ ಇರುತ್ತೆ. ಅದರೊಳಗೆ ಅಸಲು ಮತ್ತು ಅಷ್ಟು ದಿನದ ಖರ್ಚು ವಾಪಸ್ ಕಟ್ಟಿ ದಂಡವಿಲ್ಲದೆ ಹೊರಗೆ ಬರಬಹುದು.

ಕಂತು ತಪ್ಪುತ್ತೆ ಅಂತ ಮೊದಲೇ ಗೊತ್ತಾದ್ರೆ ಸುಮ್ಮನೆ ಕೂರಬೇಡಿ. ಲೇಟ್ ಫೀ ತಪ್ಪಿಸೋಕೆ ಆಗದೇ ಇರಬಹುದು, ಬೌನ್ಸ್ ಚಾರ್ಜು ತಪ್ಪಿಸೋಕೆ ದಾರಿ ಇದೆ. ಯುಪಿಐ ಆಟೋಪೇ ಆಗಿದ್ರೆ, ದುಡ್ಡು ಕಟ್ ಆಗೋ ಕನಿಷ್ಠ 24 ಗಂಟೆ ಮುಂಚೆ ಮೆಸೇಜ್ ಬರಬೇಕು, ನಿಮ್ಮ ಯುಪಿಐ ಆ್ಯಪಿನ ಆಟೋಪೇ ಜಾಗಕ್ಕೆ ಹೋಗಿ ಅದನ್ನ ನಿಲ್ಲಿಸಬಹುದು. ಬ್ಯಾಂಕ್ ಖಾತೆಯ ನೇರ ಆಟೋ ಡೆಬಿಟ್ ಆಗಿದ್ರೆ ಕೆಲವು ದಿನ ಮುಂಚೆಯೇ ಬ್ಯಾಂಕಿಗೆ ಹೇಳಿ ನಿಲ್ಲಿಸಬೇಕು. ನಿಲ್ಲಿಸಿದ್ರೆ ಸಾಲ ಮನ್ನಾ ಆಗಲ್ಲ, ಲೇಟ್ ಫೀ, ಸಿಬಿಲ್ ಅಪಾಯ ಹಾಗೇ ಇರುತ್ತೆ. ಸಂಬಳ ಬಂದ ದಿನವೇ ಕೈಯಾರೆ ಕಟ್ಟಬೇಕು. ಆ ತಂಗಿ ಇಷ್ಟೇ ಮಾಡಿದ್ರೂ 885 ಉಳೀತಿತ್ತು.

ದಂಡ ಬಿದ್ದ ಮೇಲೆ ವಿವರ ಕೇಳಿ, ಬರಹದಲ್ಲಿ. ಅದರಲ್ಲಿ ಎರಡು ವಿಷಯ ಹುಡುಕಿ. ದಂಡದ ಮೇಲೆ ಬಡ್ಡಿ ಹಾಕಿದ್ದಾರಾ? ಹಾಕೋ ಹಾಗಿಲ್ಲ. ಸಾಲ ಕೊಟ್ಟವರ ದಂಡದ ಮೇಲೆ ಜಿಎಸ್‌ಟಿ ಹಾಕಿದ್ದಾರಾ? ಬ್ಯಾಂಕು ಮತ್ತು ಎನ್‌ಬಿಎಫ್‌ಸಿಗಳು ಹಾಕೋ ಇಂಥ ದಂಡಕ್ಕೆ ಜಿಎಸ್‌ಟಿ ಇಲ್ಲ ಅಂತ 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆಯ ನಂತರ ಸ್ಪಷ್ಟವಾಗಿದೆ. ದೂರು ಕೊಡೋವಾಗ ಆ್ಯಪಿನ ಹೆಸರಲ್ಲ, ಪತ್ರದಲ್ಲಿರೋ ಸಾಲ ಕೊಟ್ಟ ಬ್ಯಾಂಕು ಅಥವಾ ಎನ್‌ಬಿಎಫ್‌ಸಿಯ ಹೆಸರು ಮುಖ್ಯ. ಆ್ಯಪು ಇವತ್ತು ಇರುತ್ತೆ ನಾಳೆ ಇರಲ್ಲ. ಬೆಂಗಳೂರಿನದೇ ಜೆಸ್ಟ್‌ಮನಿ 2023ರ ಕೊನೆಗೆ ಬಾಗಿಲು ಹಾಕಿತು. ಬೆಂಗಳೂರಿನದೇ ಸಿಂಪಲ್‌ಗೆ, ಅನುಮತಿ ಇಲ್ಲದೆ ಪಾವತಿ ವ್ಯವಸ್ಥೆ ನಡೆಸ್ತಿದ್ದೀರಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಆ ವ್ಯವಹಾರ ನಿಲ್ಲಿಸೋಕೆ ಹೇಳಿತು. ಸಾಲ ಕೊಟ್ಟವರು 30 ದಿನದಲ್ಲಿ ಉತ್ತರ ಕೊಡದಿದ್ರೆ, ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಿ, ದುಡ್ಡು ಬೇಡ, ವಕೀಲರು ಬೇಡ. ಸಹಾಯಕ್ಕೆ 14448.

ವಸೂಲಿಯವರ ವಿಷಯ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡೋ ಹಾಗಿಲ್ಲ. ನಿಮ್ಮ ಅತ್ತೆಗೆ, ಸೂಪರ್‌ವೈಸರ್‌ಗೆ ಫೋನ್ ಮಾಡಿ ಮಾನ ಕಳೆಯೋ ಹಾಗಿಲ್ಲ. ನಿಮ್ಮ ಫೋನಿನ ಕಾಂಟ್ಯಾಕ್ಟ್ ಲಿಸ್ಟು, ಫೋಟೋಗಳಿಗೆ ಸಾಲದ ಆ್ಯಪು ಕೈ ಹಾಕೋ ಹಾಗೇ ಇಲ್ಲ. ‘ಇವತ್ತೇ ಪೊಲೀಸ್ ಬರ್ತಾರೆ’ ಅಂತ ಹೆದರಿಸ್ತಾರೆ. ದುಡ್ಡಿಲ್ಲದೆ ಆಟೋ ಡೆಬಿಟ್ ವಾಪಸ್ ಹೋದ್ರೆ ಕೇಸು ಹಾಕೋಕೆ ಕಾನೂನು ಇರೋದು ನಿಜ, ಆದ್ರೆ ಅದು ಚೆಕ್ ಬೌನ್ಸಿನ ದಾರಿಯೇ. ಮೊದಲು ಲಿಖಿತ ನೋಟಿಸ್, ಆಮೇಲೆ ಕಟ್ಟೋಕೆ 15 ದಿನ, ಆಮೇಲೆ ಕೋರ್ಟು. ಸಾವಿರ ರೂಪಾಯಿ ಕಂತಿಗೆ ಸಂಜೆಗೇ ಪೊಲೀಸ್ ಜೀಪು ಬರಲ್ಲ. ಕೇರಿಯಲ್ಲಿ ಜನರೆದುರು ನಿಂತು ಜಾತಿ ಹೆಸರು ಹಿಡಿದು ಬೈದ್ರೆ ಅದು ದೌರ್ಜನ್ಯ ತಡೆ ಕಾಯ್ದೆಯ ಕೇಸು, ಬೈದವನು ಎಸ್‌ಸಿ, ಎಸ್‌ಟಿಗೆ ಸೇರಿದವನಲ್ಲದಿದ್ರೆ. ಫೋನಿನಲ್ಲಿ ಬೈದದ್ದಕ್ಕೆ ಮಾತ್ರ ‘ಸಾರ್ವಜನಿಕರೆದುರು’ ಅನ್ನೋ ಷರತ್ತು ಕೋರ್ಟಿನಲ್ಲಿ ಅಡ್ಡ ಬರುತ್ತೆ. ಹಾಗಂತ ಬಿಡಬೇಡಿ, ರೆಕಾರ್ಡ್ ಮಾಡಿ ಇಟ್ಕೊಳ್ಳಿ, ಒಂಬುಡ್ಸ್‌ಮನ್ ದೂರಿಗೆ ಅದು ಸಾಕ್ಷಿ.

ಈಗ ಕೆಲಸದ ಮಾತು. ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಮನವಿ ಕೊಡೋಣ ಅಂತಿದ್ದೀವಿ, ಘೋಷಣೆಯ ಜೊತೆಗೆ ಲೆಕ್ಕ ಇಟ್ಕೊಂಡು. ಅದಕ್ಕೆ ನಿಮ್ಮ ಏರಿಯಾದ ಕೇಸುಗಳು ಬೇಕು. ಪ್ರತಿ ಕೇಸಿಗೆ ಮೂರು ಕಾಗದ ಸಾಕು: ಸಾಲದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಆ ಎರಡು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳ ಯಾವ ದಿನ ಬಂತು ಅನ್ನೋದಕ್ಕೆ ಪೇ ಸ್ಲಿಪ್ ಅಥವಾ ಮೆಸೇಜು. ಖಾತೆ ನಂಬರ್, ಆಧಾರ್, ಫೋನ್ ನಂಬರ್ ಮೇಲೆ ಪೆನ್ನಿನಲ್ಲಿ ಗೀಟು ಹಾಕಿ ಫೋಟೋ ತೆಗೀರಿ. ಕಾಮೆಂಟಲ್ಲಿ ಹಾಕಬೇಡಿ, ಇನ್‌ಬಾಕ್ಸಿಗೆ ಕಳಿಸಿ. ಎರಡನೇ ಸಲ, ಮೂರನೇ ಸಲ ಬೌನ್ಸ್ ಹಾಕಿದ ಕೇಸು ಇದ್ರೆ ಮೊದಲು ಅದನ್ನ ಕಳಿಸಿ.